ನೋಟೀಸಿಗೆ ಕೋಪ ಬೇಡ, ಪ್ಯಾರಾ ನಂಬರ್ ಬೇಕು

ಲೀಗಲ್ ನೋಟೀಸು ಅಂದ್ರೆ ಉದ್ದ ಇರಬೇಕು, ಓದಿದವನ ಎದೆ ನಡುಗಬೇಕು ಅನ್ನೋ ನಂಬಿಕೆ ನಮ್ಮ ಜನರಲ್ಲಿ ಬಹಳ ಗಟ್ಟಿಯಾಗಿದೆ. ನಾನು ಹೈದರಾಬಾದಿಗೆ ಬಂದು ಇಪ್ಪತ್ತೈದು ವರ್ಷದ ಮೇಲಾಯ್ತು. ಬ್ಯಾಂಕಿನಲ್ಲಿ ವಸೂಲಾತಿ ವಿಭಾಗದಲ್ಲೇ ಅರ್ಧ ಸರ್ವೀಸು ಕಳೆದವನು. ನೋಟೀಸು ಕಳಿಸಿಯೂ ಗೊತ್ತು, ಬಂದ ನೋಟೀಸಿಗೆ ಉತ್ತರ ತಯಾರು ಮಾಡಿಯೂ ಗೊತ್ತು. ಆ ಅನುಭವದ ಮೇಲೆ ಹೇಳ್ತೀನಿ, ಉದ್ದದ ನೋಟೀಸಿಗೆ ಎದುರಿನವನು ಹೆದರುವುದಿಲ್ಲ. ಎದುರಿನವನ ವಕೀಲನಂತೂ ಖುಷಿಪಡುತ್ತಾನೆ! ಎಲ್ಲೋ ಒಂದು ಕಡೆ ಅಂಕಿ ತಪ್ಪಿರುತ್ತೆ, ಎಲ್ಲೋ ಒಂದು ಕಡೆ ಬಾಯಿತಪ್ಪಿ ಒಪ್ಪಿಕೊಂಡಿರುತ್ತಾರೆ. ಅವನಿಗೆ ಅಷ್ಟು ಸಾಕು.

ನಾನು ವಕೀಲನಲ್ಲ, ಬರೀ ಬಿ.ಕಾಂ. ಆದರೆ ನೋಟೀಸಿನ ವಿಷಯದಲ್ಲಿ ಕಾನೂನಿಗಿಂತ ಮೊದಲು ಬೇಕಾದದ್ದು ಲೆಕ್ಕ ಬರೆಯುವವನ ಶಿಸ್ತು ಅಂತ ನನ್ನ ಅಭಿಪ್ರಾಯ. ಸಂಗತಿ ಒಂದು ಕಡೆ, ಆಧಾರ ಒಂದು ಕಡೆ, ಬೇಡಿಕೆ ಒಂದು ಕಡೆ. ಒಂದು ಪ್ಯಾರಾಕ್ಕೆ ಒಂದೇ ವಿಷಯ, ಪ್ರತಿ ಪ್ಯಾರಾಕ್ಕೂ ನಂಬರ್. ಇಷ್ಟೇ. ಇದು ಯಾಕೆ ಬರೀ ಅಂದಚೆಂದದ ಮಾತಲ್ಲ ಅನ್ನೋದನ್ನ ಒಂದು ಚೆಕ್ ಬೌನ್ಸ್ ನೋಟೀಸಿನ ಮೂಲಕವೇ ಹೇಳ್ತೀನಿ.

ನಮ್ಮ ಮಾದಾಪುರದ ಅಯ್ಯಪ್ಪ ಸೊಸೈಟಿ ಕಡೆ ಬಂದವರಿಗೆ ಗೊತ್ತಿರುತ್ತೆ, ಎಲ್ಲಿ ನೋಡಿದರೂ ಹಾಸ್ಟೆಲ್ಲು, ಪಿಜಿ. ಹೈಟೆಕ್ ಸಿಟಿಯ ಹುಡುಗ ಹುಡುಗಿಯರಿಗೆಲ್ಲ ಮೂರು ಹೊತ್ತು ಅನ್ನ ಬೇಕಲ್ಲ, ಅಕ್ಕಿ ವ್ಯಾಪಾರ ಜೋರು. ಸಿಂಧನೂರು ಕಡೆಯ ನಮ್ಮ ಪರಿಚಯದವರೊಬ್ಬರು ಇಲ್ಲಿನ ಹಾಸ್ಟೆಲ್ಲುಗಳಿಗೆ ಸೋನಾ ಮಸೂರಿ ಹಾಕುತ್ತಾರೆ. ಒಂದು ಹಾಸ್ಟೆಲ್ಲಿನವರು ಬಾಕಿ ಉಳಿಸಿಕೊಂಡು, ಕೊನೆಗೆ ಕೊಟ್ಟ ಚೆಕ್ಕೂ ವಾಪಸ್ ಬಂತು. ಇವರು ಸಿಟ್ಟಿನಲ್ಲಿ ತಾವೇ ಕೂತು ನಾಲ್ಕು ಪುಟದ ನೋಟೀಸು ಬರೆದು, ಮಗನ ಕೈಲಿ ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ, "ಸರ, ವಕೀಲರಿಗೆ ಕೊಡೂಕಿಂತ ಮೊದ್ಲ ನೀವೊಂದ್ಸಲ ಕಣ್ಣಾಡಸ್ರಿ" ಅಂತ ತಂದುಕೊಟ್ಟರು. ಅದು 2025ರ ಡಿಸೆಂಬರ್ 7, ಭಾನುವಾರ.

ನಾಲ್ಕು ಪುಟಕ್ಕೂ ಸೇರಿ ಒಂದೇ ಪ್ಯಾರಾ!

ನಾನು ಇಂಥದ್ದನ್ನು ಓದುವ ರೀತಿ ಬೇರೆ. ಪೆನ್ಸಿಲ್ ಹಿಡಿದು ಪ್ರತಿ ವಾಕ್ಯದ ಪಕ್ಕ ಒಂದು ಗುರುತು ಹಾಕುತ್ತಾ ಹೋಗ್ತೀನಿ. ನಡೆದದ್ದನ್ನು ಹೇಳುವ ವಾಕ್ಯಕ್ಕೆ 'ಸಂ'. ಆ ನಡೆದದ್ದರಿಂದ ಇಂಥ ಹಕ್ಕು ಹುಟ್ಟಿತು ಅನ್ನುವ ವಾಕ್ಯಕ್ಕೆ 'ಆ'. ಇಂಥದ್ದನ್ನು ಮಾಡಿ, ಇಷ್ಟು ಕೊಡಿ ಅನ್ನುವುದಕ್ಕೆ 'ಬೇ'. ಮೂರರಲ್ಲಿ ಯಾವುದೂ ಅಲ್ಲದ್ದಕ್ಕೆ ಒಂದು ಗೀಟು. ಇವರದ್ದರಲ್ಲಿ ಒಟ್ಟು 52 ವಾಕ್ಯ. ಸಂಗತಿ 19, ಆಧಾರ 4, ಬೇಡಿಕೆ 6. ಉಳಿದ 23 ವಾಕ್ಯ ಬರೀ ಸಂಕಟ: "ನಿಮ್ಮಂಥವರನ್ನು ನಂಬಿ ಕೆಟ್ಟೆ", "ಮೊದಲಿನಿಂದಲೂ ಮೋಸ ಮಾಡುವುದೇ ನಿಮ್ಮ ಉದ್ದೇಶ", "ಇಡೀ ಮಾದಾಪುರಕ್ಕೆ ನಿಮ್ಮ ಬುದ್ಧಿ ಗೊತ್ತು"... ಸಂಕಟ ನಿಜವೇ, ಇಲ್ಲ ಅನ್ನಲ್ಲ. ಆದರೆ ಚೆಕ್ ಬೌನ್ಸ್ ಕೇಸಿಗೆ ಮೋಸದ ಉದ್ದೇಶ ಸಾಬೀತು ಮಾಡುವ ಅಗತ್ಯವೇ ಇಲ್ಲ. ಇಲ್ಲದ ಭಾರವನ್ನು ನಾವೇ ಯಾಕೆ ಹೊತ್ತುಕೊಳ್ಳಬೇಕು? ಇನ್ನು "ಇಡೀ ಮಾದಾಪುರಕ್ಕೆ ಗೊತ್ತು" ಅನ್ನುವಂಥದ್ದು ತಿರುಗಿ ನಮ್ಮ ಮೇಲೇ ಮಾನನಷ್ಟದ ಮಾತಾಗಬಹುದು.

ನಿಜವಾದ ಅಪಾಯ ಇದ್ದದ್ದು ಆ ಆರು ಬೇಡಿಕೆಗಳಲ್ಲಿ. ಮೊದಲ ಪುಟದಲ್ಲಿ "ನನ್ನ ಬಾಕಿ 3,40,000 ಕೊಡಿ" ಅಂತಿದೆ. ಮೂರನೇ ಪುಟದಲ್ಲಿ "ಚೆಕ್ಕಿನ ಹಣ ಬಡ್ಡಿ ಸಮೇತ ಕೊಡಿ". ಕೊನೆಯಲ್ಲಿ ಬಾಕಿ, ಬಡ್ಡಿ, ಮಾನಸಿಕ ಹಿಂಸೆಗೆ ಪರಿಹಾರ ಎಲ್ಲ ಕಲಸಿ "ಒಟ್ಟು ಐದು ಲಕ್ಷವನ್ನು ಏಳು ದಿನದೊಳಗೆ ಕೊಡತಕ್ಕದ್ದು". ಬೌನ್ಸ್ ಆದ ಚೆಕ್ಕು ಎಷ್ಟರದ್ದು? 1,25,000. ಆ ಅಂಕಿ ಬೇಡಿಕೆಯಲ್ಲಿ ಎಲ್ಲೂ ಇಲ್ಲ!

ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ನೋಟೀಸಿಗೆ ಯಾವ ನಮೂನೆಯನ್ನೂ ಹೇಳಿಲ್ಲ. ಹೆಡಿಂಗ್ ಹಾಕಿ ಅಂತಲೂ ಇಲ್ಲ, ನಂಬರ್ ಕೊಡಿ ಅಂತಲೂ ಇಲ್ಲ. ಅದು ಕೇಳುವುದು ಸ್ವಲ್ಪವೇ. ಚೆಕ್ ವಾಪಸಾದ ವಿಷಯ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ, ಲಿಖಿತ ನೋಟೀಸಿನ ಮೂಲಕ, 'ಆ ಮೊತ್ತ'ವನ್ನು ಕೇಳಬೇಕು. ನೋಟೀಸು ತಲುಪಿದ ಮೇಲೆ ಚೆಕ್ ಕೊಟ್ಟವನಿಗೆ 15 ದಿನ ಅವಕಾಶ. 'ಆ ಮೊತ್ತ' ಅಂದರೆ ಚೆಕ್ಕಿನ ಮೊತ್ತ ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ಸುಮನ್ ಸೇಠಿ ಪ್ರಕರಣದಲ್ಲಿ ಹೇಳಿದೆ. ಚೆಕ್ಕಿನ ಮೊತ್ತವನ್ನು ಸ್ಪಷ್ಟವಾಗಿ ಕೇಳಿ, ಅದರ ಜೊತೆ ಖರ್ಚು ಗಿರ್ಚು ಬೇರೆಯಾಗಿ ತೋರಿಸಿದ್ದರೆ ನೋಟೀಸು ಕೆಡುವುದಿಲ್ಲ. ಎಲ್ಲವನ್ನೂ ಒಂದೇ ಗಂಟು ಕಟ್ಟಿ, ಚೆಕ್ಕಿನ ಮೊತ್ತ ಯಾವುದು ಅಂತ ಬಿಡಿಸಲಾಗದ ಹಾಗೆ ಕೇಳಿದರೆ ಕೆಡುತ್ತದೆ.

ಇದು ಬರೀ ಹೆದರಿಸುವ ಮಾತಲ್ಲ. 2007ರ ಕೊನೆಯಲ್ಲಿ ತೀರ್ಪಾದ ರಾಹುಲ್ ಬಿಲ್ಡರ್ಸ್ ಪ್ರಕರಣ ನೋಡಿ. ಚೆಕ್ಕು 1,00,000 ರೂಪಾಯಿಯದು. ನೋಟೀಸಿನಲ್ಲಿ ಕೇಳಿದ್ದು ಬಾಕಿ ಬಿಲ್ಲಿನ 8,72,409 ರೂಪಾಯಿ. ಬಾಕಿ ಸುಳ್ಳು ಅಂತ ಕೋರ್ಟು ಹೇಳಲಿಲ್ಲ, ನೋಟೀಸು ಸರಿಯಿಲ್ಲ ಅಂತ ಕೇಸು ಬಿತ್ತು. ಇನ್ನೂ ಹತ್ತಿರದ್ದು ಬೇಕಾದರೆ 2025ರ ಸೆಪ್ಟೆಂಬರ್ 19ರ ಕಾವೇರಿ ಪ್ಲಾಸ್ಟಿಕ್ಸ್ ತೀರ್ಪು. ಚೆಕ್ಕು ಒಂದು ಕೋಟಿಯದು, ನೋಟೀಸಿನಲ್ಲಿ ಎರಡು ಕೋಟಿ. "ಟೈಪಿಂಗ್ ತಪ್ಪು ಸ್ವಾಮಿ" ಅಂದರೂ ಸುಪ್ರೀಂ ಕೋರ್ಟ್ ಕೇಳಲಿಲ್ಲ. ಇದು ಶಿಕ್ಷೆಯ ಕಾನೂನು, ನೋಟೀಸಿನ ಮೊತ್ತ ಚೆಕ್ಕಿನ ಮೊತ್ತಕ್ಕೆ ಸರಿಯಾಗಿ ಕೂಡಬೇಕು ಅಂತ ಹೇಳಿತು.

ಈಗ ಹೇಳಿ, ಬೇಡಿಕೆ ಮೂರು ಪುಟದಲ್ಲಿ ಹರಡಿಕೊಂಡಿದ್ದರೆ ಈ ತಪ್ಪು ಯಾರ ಕಣ್ಣಿಗೆ ಬೀಳಬೇಕು? 'ಬೇಡಿಕೆ' ಅನ್ನುವ ಹೆಡಿಂಗಿನ ಕೆಳಗೆ ಒಂದೇ ಪ್ಯಾರಾ, ಒಂದೇ ಮೊತ್ತ ಇದ್ದರೆ ನಮ್ಮ ಪಿಯುಸಿ ಓದುವ ಹುಡುಗನೂ ಚೆಕ್ಕಿನ ಪಕ್ಕ ಇಟ್ಟು ತಾಳೆ ನೋಡಬಲ್ಲ. ಹೆಡಿಂಗಿನ ಮೊದಲ ಉಪಯೋಗ ಇದು. ತಪ್ಪು ಅಡಗಿ ಕೂರಲು ಜಾಗ ಸಿಗುವುದಿಲ್ಲ.

ಎರಡನೇ ಉಪಯೋಗ ಸಂಗತಿಗಳನ್ನು ದಿನಾಂಕದ ಪ್ರಕಾರ ಜೋಡಿಸುವಾಗ ಗೊತ್ತಾಗುತ್ತೆ. ಕೋಪದಲ್ಲಿ ಬರೆದವರು ನೆನಪಾದ ಕ್ರಮದಲ್ಲಿ ಬರೆಯುತ್ತಾರೆ, ನಡೆದ ಕ್ರಮದಲ್ಲಲ್ಲ. ಇವರ ಎರಡನೇ ಪುಟದ ನಡುವೆ ಬೈಗುಳದ ಸಾಲಿನಲ್ಲಿ ಒಂದು ಮಾತಿತ್ತು: "ಮಧ್ಯದಲ್ಲಿ ಇಪ್ಪತ್ತು ಸಾವಿರ ಫೋನಿನಲ್ಲಿ ಹಾಕಿ ಕಣ್ಣೊರೆಸಿದಿರಿ." ದಿನಾಂಕ ಇಲ್ಲ. ನಾನು ಅಲ್ಲೇ ನಿಂತುಬಿಟ್ಟೆ. ಯಾಕೆಂದರೆ ಚೆಕ್ ಕೊಟ್ಟ ಮೇಲೆ, ಅದನ್ನು ಬ್ಯಾಂಕಿಗೆ ಹಾಕುವ ಮೊದಲು, ಅದೇ ಸಾಲಕ್ಕೆ ಸ್ವಲ್ಪ ಹಣ ಬಂದಿದ್ದರೆ ಚೆಕ್ಕಿನ ಪೂರ್ತಿ ಮೊತ್ತ ಆ ದಿನ ಇದ್ದ ಸಾಲವೇ ಅಲ್ಲ ಅಂತಾಗುತ್ತದೆ. ಬಂದ ಹಣವನ್ನು ಚೆಕ್ಕಿನ ಮೇಲೆ ನಮೂದಿಸದೆ ಪೂರ್ತಿ ಮೊತ್ತಕ್ಕೆ ಹಾಕಿದರೆ 138 ನಿಲ್ಲುವುದಿಲ್ಲ ಅಂತ 2022ರಲ್ಲಿ ದಶರಥಭಾಯಿ ಪಟೇಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಅಕೌಂಟ್ ಸ್ಟೇಟ್‌ಮೆಂಟ್ ತರಿಸಿ ನೋಡಿದೆವು. ಆ ಇಪ್ಪತ್ತು ಸಾವಿರ ಬಂದಿದ್ದು ಅಕ್ಟೋಬರ್ 28ಕ್ಕೆ, ಚೆಕ್ಕು ಕೈಗೆ ಬಂದಿದ್ದು ನವೆಂಬರ್ 3ಕ್ಕೆ. ಬಾಕಿ ಲೆಕ್ಕದಲ್ಲಿ ಅದನ್ನು ಆಗಲೇ ಕಳೆದಿದ್ದರು. ಬಚಾವ್! ಆದರೆ ದಿನಾಂಕವಿಲ್ಲದೆ ಅದೇ ವಾಕ್ಯ ನೋಟೀಸಿನಲ್ಲಿ ಹೋಗಿದ್ದರೆ ಎದುರು ವಕೀಲರು ಅದನ್ನೇ ಹಿಡಿದು ಜಗ್ಗುತ್ತಿದ್ದರು. ನೋಟೀಸು ನಾಳೆ ಕೋರ್ಟಿನಲ್ಲಿ ದಾಖಲೆಯಾಗಿ ಗುರುತಾಗುತ್ತದೆ, ಅದರ ಪ್ರತಿ ವಾಕ್ಯದ ಮೇಲೂ ಪಾಟೀಸವಾಲು ನಡೆಯಬಹುದು ಅನ್ನೋದನ್ನ ಬರೆಯುವಾಗ ಮರೀಬಾರದು.

ಸಂಗತಿಗಳನ್ನು ಜೋಡಿಸಿದ ಮೇಲೆ ಪ್ರತಿಯೊಂದರ ಪಕ್ಕ ಅದಕ್ಕೆ ಯಾವ ಕಾಗದವಿದೆ ಅಂತ ಬರೆದೆವು. ಬಿಲ್ಲು, ಸ್ಟೇಟ್‌ಮೆಂಟು, ಚೆಕ್ಕು, ಬ್ಯಾಂಕಿನ ರಿಟರ್ನ್ ಮೆಮೊ. ಕಾಗದವಿಲ್ಲದ ಸಂಗತಿಗಳಲ್ಲಿ ನೋಟೀಸಿಗೆ ಬೇಕೇಬೇಕು ಅನ್ನುವಂಥದ್ದು ಒಂದೂ ಇರಲಿಲ್ಲ. ಹೀಗೆ 19 ಸಂಗತಿ ಇಳಿದು 6 ಆಯ್ತು. ವಕೀಲರು ತಿದ್ದಿ ಕಳಿಸಿದ ನೋಟೀಸಿನ ತಿರುಳನ್ನು ಕನ್ನಡದಲ್ಲಿ ಕೊಡ್ತೀನಿ ನೋಡಿ. ಚೆಕ್ ನಂಬರ್, ಬ್ಯಾಂಕಿನ ಹೆಸರು, ಬಿಲ್ಲಿನ ಪಟ್ಟಿ ಬಿಟ್ಟಿದ್ದೇನೆ.

ಸಂಗತಿಗಳು

1. ನನ್ನ ಕಕ್ಷಿದಾರರು 2025ರ ಜೂನ್‌ನಿಂದ ಅಕ್ಟೋಬರ್‌ವರೆಗೆ ಐದು ಬಿಲ್ಲುಗಳ ಮೇಲೆ ನಿಮಗೆ ಒಟ್ಟು ರೂ. 4,60,000 ಬೆಲೆಯ ಅಕ್ಕಿ ಸರಬರಾಜು ಮಾಡಿದ್ದಾರೆ.

2. ನೀವು ಆಗಸ್ಟ್ 20ರಂದು ರೂ. 1,00,000 ಮತ್ತು ಅಕ್ಟೋಬರ್ 28ರಂದು ರೂ. 20,000 ಪಾವತಿ ಮಾಡಿದ್ದೀರಿ.

3. ಇದನ್ನು ಕಳೆದು ನಿಮ್ಮಿಂದ ಬರಬೇಕಾದ ಬಾಕಿ ರೂ. 3,40,000.

4. ಈ ಬಾಕಿಯ ಒಂದು ಭಾಗಕ್ಕಾಗಿ ನವೆಂಬರ್ 3ರಂದು ನೀವು ರೂ. 1,25,000ದ, 10-11-2025ರ ದಿನಾಂಕದ ಚೆಕ್ಕನ್ನು ಕೊಟ್ಟಿರಿ.

5. ನವೆಂಬರ್ 12ರಂದು ಬ್ಯಾಂಕಿಗೆ ಹಾಕಿದ ಈ ಚೆಕ್ಕು, ಖಾತೆಯಲ್ಲಿ ಹಣ ಸಾಲದು ಎಂಬ ಕಾರಣಕ್ಕೆ ವಾಪಸಾಯಿತು.

6. ಬ್ಯಾಂಕಿನ ಮೆಮೊ ನನ್ನ ಕಕ್ಷಿದಾರರಿಗೆ ನವೆಂಬರ್ 14ರಂದು ತಲುಪಿತು.

ಆಧಾರಗಳು

7. ಪ್ಯಾರಾ 1ರಿಂದ 4ರ ಪ್ರಕಾರ ಚೆಕ್ಕನ್ನು ಕೊಟ್ಟಿದ್ದು ಆ ದಿನ ಇದ್ದ, ಕಾನೂನಿನಲ್ಲಿ ವಸೂಲಿಗೆ ಅರ್ಹವಾದ ಸಾಲಕ್ಕೆ.

8. ಪ್ಯಾರಾ 5 ಮತ್ತು 6ರ ಪ್ರಕಾರ ಚೆಕ್ಕನ್ನು ಅದರ ಅವಧಿಯೊಳಗೆ ಹಾಕಲಾಗಿದೆ, ಹಣವಿಲ್ಲದೆ ವಾಪಸಾಗಿದೆ, ಮತ್ತು ಈ ನೋಟೀಸನ್ನು 30 ದಿನದೊಳಗೆ ಕೊಡಲಾಗುತ್ತಿದೆ. ಆದ್ದರಿಂದ 138ನೇ ಸೆಕ್ಷನ್ ಅನ್ವಯಿಸುತ್ತದೆ.

ಬೇಡಿಕೆ

9. ಈ ನೋಟೀಸು ತಲುಪಿದ 15 ದಿನದೊಳಗೆ ಚೆಕ್ಕಿನ ಮೊತ್ತ ರೂ. 1,25,000 (ಒಂದು ಲಕ್ಷ ಇಪ್ಪತ್ತೈದು ಸಾವಿರ ರೂಪಾಯಿ) ಪಾವತಿ ಮಾಡಬೇಕು.

10. ತಪ್ಪಿದಲ್ಲಿ 138ನೇ ಸೆಕ್ಷನ್ ಅಡಿ ದೂರು ದಾಖಲಿಸಲಾಗುವುದು.

11. ಉಳಿದ ಬಾಕಿ ರೂ. 2,15,000ದ ಬಗ್ಗೆ ನನ್ನ ಕಕ್ಷಿದಾರರ ಹಕ್ಕನ್ನು ಕಾಯ್ದಿರಿಸಲಾಗಿದೆ. ಅದು ಈ ನೋಟೀಸಿನ ಬೇಡಿಕೆಯ ಭಾಗವಲ್ಲ.

ಅಷ್ಟೇ. ಒಂದೂವರೆ ಪುಟ. ಇದನ್ನು ನೋಡಿ ನಮ್ಮ ಅಕ್ಕಿ ವ್ಯಾಪಾರಿಗಳ ಮುಖ ಸಣ್ಣದಾಯ್ತು. "ಇಷ್ಟ ಸಣ್ಣದಾದ್ರ ಅಂವ ಅಂಜತಾನೇನ್ರಿ ಸರ?" ಅಂದರು. ನಾನಂದೆ, "ಅವರು ಅಂಜೋದು ಬ್ಯಾಡ್ರಿ, ಅವರಿಗೆ ತಪ್ಪಿಸಿಕೊಳ್ಳಾಕ ಸಂದಿ ಇರಬಾರದು."

ಇಲ್ಲಿ 7 ಮತ್ತು 8ನೇ ಪ್ಯಾರಾ ಗಮನಿಸಿ. ಆಧಾರದಲ್ಲಿ ಹೊಸ ಸಂಗತಿ ಒಂದೂ ಇಲ್ಲ, ಮೇಲಿನ ಪ್ಯಾರಾ ನಂಬರುಗಳನ್ನು ತೋರಿಸುತ್ತದೆ ಅಷ್ಟೇ. ನಮ್ಮ ಬಹಳ ನೋಟೀಸುಗಳು ಎಡವುವುದು ಇಲ್ಲೇ. ಸಂಗತಿಯಲ್ಲಿ ಹೇಳದ ಒಂದು ವಿಷಯ ಆಧಾರದಲ್ಲಿ ದಿಢೀರನೆ ಎದ್ದು ಬರುತ್ತೆ, ಅಥವಾ ಸಂಗತಿಯಲ್ಲಿ ಹೇಳಿದ್ದು ಯಾವ ಆಧಾರಕ್ಕೂ ಬೇಕಾಗಿರುವುದಿಲ್ಲ. ನಂಬರ್ ಇದ್ದರೆ ಎರಡೂ ಕೂಡಲೇ ಸಿಕ್ಕಿಬೀಳುತ್ತವೆ. ಯಾವ ಆಧಾರದಲ್ಲೂ ಹೆಸರು ಬಾರದ ಸಂಗತಿಯ ಪ್ಯಾರಾ ಇದ್ದರೆ, ಅದು ಯಾಕಿದೆ ಅಂತ ಕೇಳಿ. ಉತ್ತರ ಸಿಗದಿದ್ದರೆ ತೆಗೆದುಹಾಕಿ.

ಇನ್ನೊಂದು ಪರೀಕ್ಷೆ ಇದೆ. ಪ್ರತಿ ಸಂಗತಿಗೂ ಎದುರಿನವನು "ಹೌದು" ಅಥವಾ "ಇಲ್ಲ" ಅಂತ ಒಂದೇ ಮಾತಿನಲ್ಲಿ ಉತ್ತರ ಕೊಡುವ ಹಾಗಿದೆಯೇ ನೋಡಿ. ಎರಡು ಸಂಗತಿಯನ್ನು ಒಂದೇ ವಾಕ್ಯದಲ್ಲಿ ಹೆಣೆದರೆ ಅವನು ಅರ್ಧ ಅಲ್ಲಗಳೆದು ಪೂರ್ತಿ ಅಲ್ಲಗಳೆದಂತೆ ಮಾಡಬಹುದು. ಇದೇನು ನನ್ನ ಸಂಶೋಧನೆಯಲ್ಲ. ದಾವೆ ಪತ್ರದಲ್ಲಿ ಮುಖ್ಯ ಸಂಗತಿಗಳನ್ನು ಚಿಕ್ಕದಾಗಿ, ನಂಬರ್ ಹಾಕಿದ ಪ್ಯಾರಾಗಳಲ್ಲಿ, ಆದಷ್ಟೂ ಒಂದೊಂದು ಸಂಗತಿಗೆ ಒಂದೊಂದು ಪ್ಯಾರಾ ಮಾಡಿ, ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಬೇಕು ಅಂತ 1908ರ ಸಿವಿಲ್ ಪ್ರೊಸೀಜರ್ ಕೋಡಿನ 6ನೇ ಆರ್ಡರ್, 2ನೇ ರೂಲ್ ಹೇಳುತ್ತೆ. ನೋಟೀಸಿಗೆ ಆ ರೂಲ್ ಅನ್ವಯಿಸುವುದಿಲ್ಲ ನಿಜ. ಆದರೆ ನೋಟೀಸು ಮುಂದೆ ಹೋಗಿ ಸೇರುವುದು ಆ ಜಾಗಕ್ಕೇ ಅಲ್ವಾ? ಈಗಲೇ ಆ ರೂಪದಲ್ಲಿದ್ದರೆ ವಕೀಲರಿಗೆ ಅರ್ಧ ಕೆಲಸ ಮುಗಿದ ಹಾಗೆ.

ದಿನಾಂಕದ ವಿಷಯಕ್ಕೂ ಹೀಗೆ ಬಿಡಿಸಿ ಬರೆದದ್ದು ಒಳ್ಳೆಯದಾಯ್ತು. ಮೆಮೊ ತಲುಪಿದ್ದು ನವೆಂಬರ್ 14, ಆ ದಿನ ಬಿಟ್ಟು ಎಣಿಸಿದರೆ 30ನೇ ದಿನ ಡಿಸೆಂಬರ್ 14, ಅದು ಭಾನುವಾರ! 6ನೇ ಪ್ಯಾರಾ ಕಣ್ಣಮುಂದೆ ಇದ್ದದ್ದರಿಂದ ಕೊನೇ ದಿನಕ್ಕೆ ಕಾಯುವ ಮಾತೇ ಬರಲಿಲ್ಲ. ಡಿಸೆಂಬರ್ 9ಕ್ಕೆ ಸ್ಪೀಡ್ ಪೋಸ್ಟಿನಲ್ಲಿ ಹೋಯ್ತು, 11ಕ್ಕೆ ತಲುಪಿತು. (ನಮ್ಮ ಹಳೆಯ ರಿಜಿಸ್ಟರ್ಡ್ ಪೋಸ್ಟು 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೇ ಸೇರಿಹೋಗಿದೆ.) ತಲುಪಿದ ದಾಖಲೆಯನ್ನು ಪ್ರಿಂಟ್ ತೆಗೆದು ನೋಟೀಸಿನ ಪ್ರತಿಯ ಜೊತೆ ಪಿನ್ ಮಾಡಿ ಇಟ್ಟೆವು.

ಆಮೇಲೆ ಏನಾಯ್ತು ಅಂತ ಕೇಳ್ತೀರಾ? ಹಾಸ್ಟೆಲ್ಲಿನವರ ವಕೀಲರಿಂದ ಉತ್ತರ ಬಂತು, ಅದೂ ಪ್ಯಾರಾವಾರು. ನಾವು ನಂಬರ್ ಹಾಕಿದ್ದರಿಂದ ಅವರೂ ನಂಬರ್ ಹಿಡಿದೇ ಉತ್ತರ ಕೊಡಬೇಕಾಯ್ತು. 1, 2, 4, 5, 6 ಒಪ್ಪಿದ್ದಾರೆ. 3 ಒಪ್ಪಿಲ್ಲ. ಅಕ್ಟೋಬರಿನ ಅಕ್ಕಿಯಲ್ಲಿ ಹುಳ ಇತ್ತಂತೆ, 60,000 ಕಳೆಯಬೇಕಂತೆ. ಡಿಸೆಂಬರ್ 24ಕ್ಕೆ, ಅಂದರೆ 15 ದಿನದೊಳಗೆ, ಚೆಕ್ಕಿನ 1,25,000 ನೆಫ್ಟ್‌ನಲ್ಲಿ ಬಂತು. 138ರ ಕೇಸು ಹಾಕುವ ಪ್ರಸಂಗವೇ ಬರಲಿಲ್ಲ. ಉಳಿದ 2,15,000 ಇನ್ನೂ ಬಂದಿಲ್ಲ, ಅದಕ್ಕೆ ಬೇರೆ ನೋಟೀಸು ಹೋಗಿದೆ. ಆದರೆ ಈಗ ಜಗಳ ಇರುವುದು ಒಂದು ಬಿಲ್ಲಿನ ಅಕ್ಕಿಯ ಗುಣಮಟ್ಟದ ಮೇಲೆ ಮಾತ್ರ. ಉಳಿದದ್ದೆಲ್ಲ ಅವರ ವಕೀಲರ ಸಹಿಯೊಂದಿಗೆ ಒಪ್ಪಿತವಾಗಿದೆ. ನಾಲ್ಕು ಪುಟದ ಒಂದೇ ಪ್ಯಾರಾಕ್ಕೆ ಇಂಥ ಉತ್ತರ ಬರುತ್ತಿರಲಿಲ್ಲ. "ನಿಮ್ಮ ನೋಟೀಸಿನಲ್ಲಿರುವ ಎಲ್ಲ ಆರೋಪಗಳೂ ಸುಳ್ಳು" ಅಂತ ಒಂದೇ ಸಾಲು ಬರೆದು ಕೈತೊಳೆದುಕೊಳ್ಳುತ್ತಿದ್ದರು.

ಬ್ಯಾಂಕಿನವರಾದ ನಮಗೂ ಇದೇ ಮಾತು ಅನ್ವಯ. ಸರ್ಫೇಸಿ ಕಾಯ್ದೆಯ 13(2) ನೋಟೀಸಿನಲ್ಲಿ ಬಾಕಿ ಮೊತ್ತದ ವಿವರ, ಅಡಮಾನದ ಆಸ್ತಿಯ ವಿವರ ಎರಡೂ ಇರಲೇಬೇಕು. ಸಾಲಗಾರನಿಗೆ 60 ದಿನ ಅವಕಾಶ. ಅವನು ಆಕ್ಷೇಪಣೆ ಕೊಟ್ಟರೆ, ಒಪ್ಪದಿದ್ದಲ್ಲಿ ಕಾರಣ ಸಮೇತ ಬ್ಯಾಂಕು 15 ದಿನದೊಳಗೆ ತಿಳಿಸಬೇಕು. ನೋಟೀಸಿನಲ್ಲಿ ಪ್ಯಾರಾ ನಂಬರ್ ಇಲ್ಲದಿದ್ದರೆ ಆಕ್ಷೇಪಣೆಯೂ ಕಲಸುಮೇಲೋಗರವಾಗಿ ಬರುತ್ತೆ. ಆ 15 ದಿನದಲ್ಲಿ ಯಾವುದಕ್ಕೆ ಉತ್ತರ ಕೊಟ್ಟೆವು, ಯಾವುದನ್ನು ಬಿಟ್ಟೆವು ಅಂತ ಹುಡುಕುವುದೇ ಒಂದು ಕೆಲಸವಾಗುತ್ತೆ.

ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡ್ತೀನಿ. ಮೂರು ಹೆಡಿಂಗ್ ಹಾಕಿದ ಮಾತ್ರಕ್ಕೆ ತಪ್ಪು ಅಂಕಿ ಸರಿಯಾಗುವುದಿಲ್ಲ, ತಡವಾದ ನೋಟೀಸು ಸಕಾಲಕ್ಕೆ ಬಂದಂತಾಗುವುದಿಲ್ಲ. ಯಾವ ಸಂಗತಿಯನ್ನು ಈಗ ಹೇಳಬೇಕು, ಯಾವುದನ್ನು ಕೋರ್ಟಿಗೆ ಉಳಿಸಿಕೊಳ್ಳಬೇಕು ಅನ್ನುವುದು ವಕೀಲರ ಕೆಲಸ, ಅದನ್ನು ಅವರಿಗೇ ಬಿಡಿ. ಆದರೆ ಅವರ ಹತ್ತಿರ ಹೋಗುವ ಮೊದಲು ಪೆನ್ಸಿಲ್ ಹಿಡಿದು ವಾಕ್ಯಗಳನ್ನು ಬೇರ್ಪಡಿಸುವ ಕೆಲಸ ನೀವೇ ಮಾಡಬಹುದು. ಅದಕ್ಕೆ ಎಲ್‌ಎಲ್‌ಬಿ ಬೇಕಿಲ್ಲ. ಬೈಯಲೇಬೇಕು ಅನ್ನಿಸಿದರೆ ಬೇರೆ ಹಾಳೆಯಲ್ಲಿ ಮನಸಾರೆ ಬೈದು ಬರೆಯಿರಿ, ಅದನ್ನು ಮನೆಯಲ್ಲೇ ಇಟ್ಟುಕೊಳ್ಳಿ. ಅಂಚೆಗೆ ಹಾಕುವ ಹಾಳೆಯಲ್ಲಿ ಬೇಡಿಕೆಯ ಅಂಕಿ ಚೆಕ್ಕಿನ ಅಂಕಿಯ ಜೊತೆ ರೂಪಾಯಿಗೆ ರೂಪಾಯಿ ಕೂಡಬೇಕು.